ಸಹಿ ತಾಳೆಯಾಗದೆ ವಾಪಸಾದ ಚೆಕ್: ನಾನು ಹಣ ವಸೂಲು ಮಾಡಿದ ರೀತಿ

ಸಾಲದ ಮೇಲೆ ಸಿಮೆಂಟು, ಕಬ್ಬಿಣ ಕೊಡುವ ನಮಗೆ ಚೆಕ್ ವಾಪಸಾಗುವುದು ಹೊಸದಲ್ಲ. ‘ಹಣವಿಲ್ಲ ಅಂತ ಬಂದರೆ ಮಾತ್ರ ಕೇಸು, ಸಹಿ ಸರಿಯಿಲ್ಲ ಅಂದರೆ 138 ಬರುವುದಿಲ್ಲ’ ಎಂದು ಪೇಟೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನು ಒಪ್ಪಲಿಲ್ಲ. 138 ಅಂದರೆ ಚೆಕ್ ವಾಪಸಾದರೆ ಶಿಕ್ಷೆ ಹೇಳುವ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಮು. ಸಹಿ ವ್ಯತ್ಯಾಸಕ್ಕೂ ಅದು ಅನ್ವಯಿಸುತ್ತದೆಂದು ಲಕ್ಷ್ಮಿ ಡೈಕೆಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ.

ಚೆಕ್ ಸುಮಾರು 1.8 ಲಕ್ಷದ್ದು, ಮಾರ್ಚ್ ಮೊದಲ ವಾರದ ತಾರೀಖು. ಏಪ್ರಿಲ್‌ನಲ್ಲಿ ‘ಸಹಿ ವ್ಯತ್ಯಾಸ’ ಎಂಬ ಮೆಮೊದೊಂದಿಗೆ ವಾಪಸಾಯಿತು. ಆಗ ಎರಡು ಗಡುವಿನ ಮೇಲೆ ಕಣ್ಣಿಡಬೇಕು. ಚೆಕ್ಕಿನ ತಾರೀಖಿನಿಂದ 3 ತಿಂಗಳು ಅದಕ್ಕೆ ಜೀವ, ಅಂದರೆ ಜೂನ್ ಮೊದಲ ವಾರದವರೆಗೆ. ವಾಪಸಾದ ಸುದ್ದಿ ಬ್ಯಾಂಕಿನಿಂದ ತಿಳಿದ ಮೇಲೆ 30 ದಿನದೊಳಗೆ ಲಿಖಿತ ನೋಟಿಸು ಹೋಗಬೇಕು. ನೋಟಿಸು ತಲುಪಿದ ಮೇಲೆ ಹಣ ಕೊಡಲು ಚೆಕ್ ಕೊಟ್ಟವನಿಗೆ 15 ದಿನ. ಅದೂ ಮುಗಿದರೆ ಒಂದು ತಿಂಗಳೊಳಗೆ ದೂರು.

ಪಾರ್ಟಿ ‘ಹೊಸ ಚೆಕ್ ಕೊಡ್ತೀನಿ, ಹಳೇದು ಕೊಡಿ’ ಎಂದರು. ಹಣ ಖಾತೆಗೆ ಬೀಳುವ ತನಕ ಹಳೆಯ ಚೆಕ್ಕೂ ಮೆಮೊವೂ ಕೈಬಿಡಬಾರದು, ಏಕೆಂದರೆ ದೂರಿಗೆ ಅವೇ ಆಧಾರ. ಸಹಿ ಸರಿಪಡಿಸಿಕೊಂಡರೆ ಅವಧಿಯೊಳಗೆ ಅದೇ ಚೆಕ್ಕನ್ನು ಮತ್ತೆ ಹಾಕಬಹುದು ಎಂದೂ ಹೇಳಿದೆ. ನೋಟಿಸಿಗೆ ವಕೀಲರು ಎರಡು–ಮೂರು ಸಾವಿರ ತೆಗೆದುಕೊಂಡರು. ಸ್ಪೀಡ್ ಪೋಸ್ಟಿನಲ್ಲೂ ಕಳಿಸಿದೆ, ವಾಟ್ಸಾಪಿನಲ್ಲೂ ಹಾಕಿ ನೋಡಿದೆ. ವಾಟ್ಸಾಪಿಗೆ ಆ ಸಂಜೆಯೇ ಫೋನು ಬಂತು! ಫೋನಿನಲ್ಲಿ ನಾನು ಹೇಳಿದ ಮಾತನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಬಂಡವಾಳ. 15 ದಿನ ತುಂಬುವ ಮುಂಚೆ ಹಣ ನೆಫ್ಟ್ ಮೂಲಕ ಬಂತು, ಬ್ಯಾಂಕಿನ ಶುಲ್ಕದ ನಾಲ್ಕೈದು ನೂರೂ ಸೇರಿ.

ಚೆಕ್ ಕೊಡುವವರಿಗೂ ಒಂದು ಮಾತು. ಕೈ ನಡುಗಿ ಸಹಿ ಬದಲಾಗಿದ್ದರೆ ಆಧಾರ್, ಪ್ಯಾನ್ ಹಿಡಿದು ಶಾಖೆಗೆ ಹೋಗಿ ಹೊಸ ಮಾದರಿ ಸಹಿ ಕೊಡಿ. ಆದರೆ ಅದಕ್ಕೆ ಮೊದಲು, ಹಳೆಯ ಸಹಿ ಹಾಕಿ ಈಗಾಗಲೇ ಕೊಟ್ಟಿರುವ ಚೆಕ್ಕುಗಳನ್ನು ಲೆಕ್ಕ ಹಾಕಿ ಬದಲಿಸಿಕೊಳ್ಳಿ. ಇಲ್ಲವಾದರೆ ದಾಖಲೆ ಬದಲಾದ ಮರುದಿನ ಅವೇ ವಾಪಸಾಗಲು ಶುರುವಾಗುತ್ತವೆ.

ಅವಧಿ ಮುಗಿದ ಚೆಕ್ಕಿನ ದಾರಿ ಬೇರೆ. 3 ತಿಂಗಳು ದಾಟಿ ಹಾಕಿದ್ದಕ್ಕೆ 138 ಇಲ್ಲ. ಆದರೆ ಸಾಲ ಹೋಗುವುದಿಲ್ಲ. ಬಿಲ್ಲು, ಲೆಡ್ಜರ್ ಇಟ್ಟುಕೊಂಡು ಸಾಮಾನ್ಯವಾಗಿ 3 ವರ್ಷದೊಳಗೆ ಸಿವಿಲ್ ದಾವೆ ಹಾಕಬಹುದು. ಹಳೆಯ ತಾರೀಖು ತಿದ್ದಿಸಬಹುದೇ ಎಂದರೆ, ಬ್ಯಾಂಕುಗಳು ಚಿತ್ರ ನೋಡಿ ಪಾಸು ಮಾಡುವ ಸಿಟಿಎಸ್ ಚೆಕ್ಕಿನಲ್ಲಿ ತಿದ್ದುಪಡಿಗೆ ಅವಕಾಶವಿರುವುದು ತಾರೀಖಿಗೆ ಮಾತ್ರ. ಅದನ್ನು ಬರೆದುಕೊಟ್ಟವರೇ ತಿದ್ದಿ, ಪಕ್ಕದಲ್ಲಿ ಪೂರ್ತಿ ಸಹಿ ಹಾಕಬೇಕು. ಪಡೆದವನು ತಾನೇ ತಿದ್ದಿದರೆ ಚೆಕ್ಕೇ ಅನೂರ್ಜಿತ. ನಾನಂತೂ ತಿದ್ದಿಸುವುದಿಲ್ಲ, ಹೊಸ ಚೆಕ್ಕನ್ನೇ ಬರೆಸಿಕೊಳ್ಳುತ್ತೇನೆ.