ರಾತ್ರಿ ಕಾಲ್ ಇದ್ದರೂ ಇಲ್ಲದಿದ್ದರೂ ಈ ಐದು ತಾಸು ಬಿಡಬೇಡಿ

ಅಮೆರಿಕ ಟೀಮಿನ ಜೊತೆ ಕೆಲಸ ಮಾಡುವವರು ನಿದ್ರೆಯ ಒಂದು ಭಾಗವನ್ನು ವಾರದ ಏಳೂ ದಿನ ಒಂದೇ ಹೊತ್ತಿಗೆ ಕಟ್ಟಿಹಾಕಿ. ಉಳಿದದ್ದು ಹಿಂದೆ ಮುಂದೆ ಆಗಲಿ. ಕ್ಯಾಲಿಫೋರ್ನಿಯಾದ ಬೆಳಿಗ್ಗೆ 10ರ ಕಾಲ್ ಬೇಸಿಗೆಯಲ್ಲಿ ನಮಗೆ ರಾತ್ರಿ 10:30ಕ್ಕೆ ಬರುತ್ತದೆ, 12:30ರ ತನಕ ನಡೆಯಿತು ಅಂದುಕೊಳ್ಳಿ. ಆಗ ರಾತ್ರಿ 1:30ರಿಂದ ಬೆಳಿಗ್ಗೆ 6:30 ನಿಮ್ಮ ಗಟ್ಟಿ ನಿದ್ರೆ. ಕಾಲ್ ಇಲ್ಲದ ದಿನ 11:30ಕ್ಕೇ ಮಲಗಿ, ಆದರೆ ಏಳುವುದು 6:30ಕ್ಕೇ. ಕಾಲ್ ಇದ್ದ ಮರುದಿನ ಊಟ ಆದ ಮೇಲೆ ಒಂದೂವರೆ ತಾಸು ಮಲಗಿ, ಮಧ್ಯಾಹ್ನ ಮೂರು ಗಂಟೆ ದಾಟಿಸಬೇಡಿ. ದಾಟಿದರೆ ರಾತ್ರಿ ಕಣ್ಣು ಮುಚ್ಚುವುದಿಲ್ಲ. ದೇಹದ ಗಡಿಯಾರ ಮುಖ್ಯವಾಗಿ ಬೆಳಗಿನ ಬೆಳಕು ನೋಡಿ ಹೊಂದಿಕೊಳ್ಳುತ್ತದೆ. ಏಳುವ ಹೊತ್ತು ಒಂದೇ ಇದ್ದರೆ ಅದು ಜಾಸ್ತಿ ಅಲುಗುವುದಿಲ್ಲ. ಹಾಗಾಗಿ ಎದ್ದ ಕೂಡಲೇ ಮಾಳಿಗೆ ಮೇಲೆ ಹತ್ತು ನಿಮಿಷ ಅಡ್ಡಾಡಿ. ರಜೆ ದಿನವೂ ಅಲಾರಂ ಇಲ್ಲದೆ 6:30ರ ಹೊತ್ತಿಗೆ ಎಚ್ಚರ ಆದರೆ ಹಿಡಿತಕ್ಕೆ ಬಂತು ಅಂತ ಅರ್ಥ. ಕಲಬುರಗಿಯ ಮೇ ತಿಂಗಳಲ್ಲಿ ಮಾತ್ರ ಮಧ್ಯಾಹ್ನದ ನಿದ್ರೆ ಕೈಕೊಡುತ್ತದೆ. ಕರೆಂಟ್ ಹೋದರೆ ಆ ಧಗೆಯಲ್ಲಿ ಸುಮ್ನೆ ಹೊರಳಾಡುವುದಷ್ಟೇ. ಆಗ ಎರಡನೇ ನಿದ್ರೆಯನ್ನು ಬೆಳಿಗ್ಗೆ 8ರಿಂದ 9:30ಕ್ಕೆ ತನ್ನಿ. ನವೆಂಬರಿನ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ತಾಸು ಹಿಂದೆ ಹೋಗುತ್ತದೆ, ನಮ್ಮ ಕಾಲ್ 11:30ಕ್ಕೆ ಬೀಳುತ್ತದೆ. ಅಕ್ಟೋಬರಿನಲ್ಲೇ ಮ್ಯಾನೇಜರ್‌ಗೆ ಹೇಳಿ ಕಾಲ್ ಒಂದು ತಾಸು ಮುಂಚೆ ಮಾಡಿಸಿಕೊಳ್ಳಿ. ಕಾಲ್ ಒಮ್ಮೆ 12ಕ್ಕೆ, ಒಮ್ಮೆ 3ಕ್ಕೆ ಮುಗಿಯುವಂಥವರಿಗೆ ಈ 1:30ರ ಲೆಕ್ಕ ನಡೆಯುವುದಿಲ್ಲ. ಅವರು ಅತಿ ತಡವಾದ ದಿನವನ್ನೇ ಹಿಡಿದು 3:30ರಿಂದ 8:30 ಅಂತ ಕಟ್ಟಬೇಕು.