ಹ್ಯೂಮಿಡಿಫೈಯರ್‌ನ ಬಿಳಿ ಪುಡಿ ಮತ್ತು ಹುಳಿ ವಾಸನೆ: ನಾನು ಎಡವಿದ್ದು, ಸರಿಮಾಡಿಕೊಂಡಿದ್ದು

ಅಮ್ಮನ ಕೋಣೆಯಲ್ಲಿ ರಾತ್ರಿ ಮಂಜು ಬಿಟ್ಟು ಗಾಳಿಗೆ ತೇವ ಕೊಡುವ ಹ್ಯೂಮಿಡಿಫೈಯರ್ ಇಡಲು ಶುರುಮಾಡಿ ಹತ್ತು ದಿನ ಆಗಿತ್ತು. ಒಣ ಗಾಳಿಗೆ ಅವರ ಗಂಟಲು ಕಟ್ಟುತ್ತಿತ್ತು, ಅದಕ್ಕೆ ತಂದಿದ್ದು. ಗಂಟಲೇನೋ ಸರಿಹೋಯಿತು. ಆದರೆ ಕಪ್ಪು ಮೇಜಿನ ಮೇಲೆ ದಿನಾ ಬೆಳಿಗ್ಗೆ ಪೌಡರ್ ಚೆಲ್ಲಿದ ಹಾಗೆ ಬಿಳಿ ಪುಡಿ. ಒರೆಸಿದರೆ ಮಾರನೇ ದಿನ ಮತ್ತೆ ಹಾಜರ್. ಅದರ ಜೊತೆಗೆ, "ಏನೋ ಇದು, ಒದ್ದೆ ಬಟ್ಟೆ ಮುದುರಿ ಇಟ್ಟ ವಾಸನೆ ಬರ್ತಿದೆಯಲ್ಲ" ಎಂದು ಅಮ್ಮನ ದೂರು. ಮೂಸಿ ನೋಡಿದೆ. ಹೌದು, ಮಂಜಿಗೇ ಸಣ್ಣ ಹುಳಿ ವಾಸನೆ ಇತ್ತು.

ಎರಡೂ ಒಂದೇ ತೊಂದರೆ ಎಂದುಕೊಂಡೆ. ನೀರು ಸರಿ ಇಲ್ಲ, ಅದಕ್ಕೇ ಪುಡಿ, ಅದಕ್ಕೇ ವಾಸನೆ ಎಂದು ನನ್ನ ಲೆಕ್ಕ. ಇದೇ ನನ್ನ ದೊಡ್ಡ ತಪ್ಪು. ಒಂದೂವರೆ ತಿಂಗಳು ಅದರಲ್ಲೇ ಹೋಯಿತು.

ಮೊದಲು ಪುಡಿಯ ವಿಷಯ. ನಮ್ಮದು ಅಲ್ಟ್ರಾಸಾನಿಕ್ ಮಾದರಿ. ಅದರ ತಳದಲ್ಲಿ ನಾಣ್ಯದಷ್ಟು ಅಗಲದ ಒಂದು ಡಿಸ್ಕ್ ಇರುತ್ತದೆ. ಅದು ಸೆಕೆಂಡಿಗೆ ಹದಿನೈದು ಲಕ್ಷಕ್ಕೂ ಜಾಸ್ತಿ ಸಲ ಕಂಪಿಸಿ ನೀರನ್ನು ಸಣ್ಣ ಸಣ್ಣ ಹನಿಯಾಗಿ ಒಡೆಯುತ್ತದೆ. ಇಲ್ಲಿ ನೀರು ಆವಿ ಆಗುವುದಿಲ್ಲ, ನೀರೇ ಹನಿಯಾಗಿ ಹಾರುತ್ತದೆ. ಆವಿಯಾಗಿದ್ದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಟ್ಯಾಂಕಿನಲ್ಲೇ ಉಳಿಯುತ್ತಿತ್ತು. ಹನಿಯಾಗಿ ಹಾರುವಾಗ ಅವೂ ಹನಿಯೊಳಗೇ ಕೂತು ಹೊರಗೆ ಬರುತ್ತವೆ. ಹನಿ ಗಾಳಿಯಲ್ಲಿ ಒಣಗುತ್ತದೆ, ಲವಣ ಮೇಜಿನ ಮೇಲೆ ಇಳಿಯುತ್ತದೆ. ಇಳಿಯದೆ ತೇಲುತ್ತಾ ಇರುವುದನ್ನು ನಾವು ಉಸಿರಾಡುತ್ತೇವೆ. ನೀರನ್ನು ಕುದಿಸಿ ಹಬೆ ಬಿಡುವ ಯಂತ್ರದಲ್ಲಿ ಈ ಪುಡಿಯ ಕಾಟ ಇಲ್ಲ, ಅದರ ತಳದಲ್ಲಿ ಗಟ್ಟಿ ಪದರ ಕಟ್ಟುತ್ತದೆ ಅಷ್ಟೇ.

ಇದು ಮಾಮೂಲಿ ಮನೆ ಧೂಳಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಎರಡು ಪರೀಕ್ಷೆ ಮಾಡಿದೆ. ಕಪ್ಪು ತಟ್ಟೆಯ ಮೇಲೆ ಟ್ಯಾಂಕಿಗೆ ಹಾಕುವ ನೀರಿನ ನಾಲ್ಕು ಹನಿ ಬಿಟ್ಟು ಒಣಗಲು ಇಟ್ಟೆ. ನಾಲ್ಕು ಬಿಳಿ ಉಂಗುರ ಉಳಿದವು. ಆಮೇಲೆ ಮಂಜು ಬರುವ ಬಾಯಿಯ ಸುತ್ತ ಕಟ್ಟಿದ್ದ ಬಿಳಿ ಹೊಟ್ಟನ್ನು ಉಗುರಿನಲ್ಲಿ ಕೆರೆದು ಅದರ ಮೇಲೆ ವಿನೆಗರ್ ಹನಿಸಿದೆ. ಬುಸ್ ಎಂದು ಗುಳ್ಳೆ ಎದ್ದಿತು. ಮನೆ ಧೂಳಾಗಿದ್ದರೆ ಸುಮ್ನೆ ಒದ್ದೆಯಾಗುತ್ತಿತ್ತು, ಗುಳ್ಳೆ ಬರುತ್ತಿರಲಿಲ್ಲ.

ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ 520 ಪಿಪಿಎಂ ತೋರಿಸಿತು. ಅಂದರೆ ಲೀಟರಿಗೆ ಸುಮಾರು ಅರ್ಧ ಗ್ರಾಂ ಲವಣ. ಒಂದು ರಾತ್ರಿಗೆ ಎರಡೂವರೆ ಲೀಟರ್ ನೀರು ಖರ್ಚಾಗುತ್ತಿತ್ತು. ಲೆಕ್ಕ ಹಾಕಿದರೆ ರಾತ್ರಿಗೆ 1.3 ಗ್ರಾಂ, ತಿಂಗಳಿಗೆ 40 ಗ್ರಾಂ ಹತ್ತಿರ. ಮುಚ್ಚಿದ ಕೋಣೆಯೊಳಗೆ ತಿಂಗಳಿಗೆ ಎರಡು ಮೂರು ದೊಡ್ಡ ಚಮಚ ಸುಣ್ಣದ ಪುಡಿ ತೂರಿದ ಹಾಗೆ. ಈ ಲೆಕ್ಕ ಕಂಡ ಮೇಲೆ ಮೇಜು ಒರೆಸಿಕೊಂಡು ಸುಮ್ಮನಿರಲು ಮನಸ್ಸಾಗಲಿಲ್ಲ.

ಕುದಿಸಿ ಆರಿಸಿದ ನೀರು ಹಾಕಿ ನೋಡಿದೆ. ಕುದಿಸಿದಾಗ ನೀರನ್ನು ಗಡಸು ಮಾಡುವ ಲವಣದ ಒಂದು ಭಾಗ ಮಾತ್ರ ಪಾತ್ರೆಯ ತಳಕ್ಕೆ ಬಿಳಿಯಾಗಿ ಕೂರುತ್ತದೆ, ಉಳಿದದ್ದು ನೀರಿನಲ್ಲೇ ಇರುತ್ತದೆ. ತಿಳಿಯನ್ನು ಮಾತ್ರ ಬಸಿದುಕೊಂಡರೂ ಮೀಟರ್ 380 ತೋರಿಸಿತು. ಮನೆಯಲ್ಲಿ ಸ್ನಾನಕ್ಕೆ ಸಾಫ್ಟ್‌ನರ್ ಇದೆ, ಆ ನೀರಾದರೂ ಆಗಬಹುದು ಅಂದುಕೊಂಡೆ. ಅದು ಇನ್ನೂ ನಿರಾಶೆ. ಸಾಫ್ಟ್‌ನರ್ ಲವಣವನ್ನು ತೆಗೆಯುವುದಿಲ್ಲ, ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಕೂರಿಸುತ್ತದೆ. ಸೋಪು ಚೆನ್ನಾಗಿ ನೊರೆ ಬರುತ್ತದೆ, ನಲ್ಲಿಗೆ ಕರೆ ಕಟ್ಟುವುದಿಲ್ಲ, ಸರಿ. ಆದರೆ ಮೀಟರ್ ಹೆಚ್ಚು ಕಡಿಮೆ ಅಲ್ಲೇ ನಿಂತಿತು, ಮೇಜಿನ ಮೇಲೆ ಪುಡಿಯೂ ಅಷ್ಟೇ ಬಿತ್ತು.

ಕೊನೆಗೆ ಆರ್‌ಒ ನೀರು ಹಾಕಿದೆ. 35 ಪಿಪಿಎಂ. ರಾತ್ರಿಗೆ 1.3 ಗ್ರಾಂ ಇದ್ದದ್ದು 0.1 ಗ್ರಾಂಗಿಂತ ಕೆಳಗೆ ಬಂತು. ಮೂರು ದಿನದಲ್ಲಿ ಮೇಜು ಕಪ್ಪಾಗಿಯೇ ಉಳಿಯತೊಡಗಿತು. ಡಿಸ್ಟಿಲ್ಡ್ ನೀರಾದರೆ ಇನ್ನೂ ಒಳ್ಳೆಯದು, ಆದರೆ ದಿನಾ ಎರಡೂವರೆ ಲೀಟರ್ ಎಲ್ಲಿಂದ ತರುವುದು? ಯಂತ್ರದ ಜೊತೆ ಬರುವ ರೆಸಿನ್ ಕಾರ್ಟ್ರಿಜ್ ಕೂಡ ಲವಣ ಹಿಡಿಯುತ್ತದೆ. 520ರ ನೀರಿಗೆ ಅದು ಬೇಗ ದಣಿಯುತ್ತದೆ, ದಣಿದದ್ದು ಮತ್ತೆ ಪುಡಿ ಬಿದ್ದಾಗಲೇ ಗೊತ್ತಾಗುವುದು.

ಪುಡಿ ಹೋಯಿತು, ಗೆದ್ದೆ ಎಂದುಕೊಂಡೆ. ವಾಸನೆ ಹೋಗಲಿಲ್ಲ. ಹೋಗದಿರುವುದಿರಲಿ, ಮೊದಲಿಗಿಂತ ಬೇಗ ಬರತೊಡಗಿತು. ಟ್ಯಾಂಕು ತೊಳೆದ ಮೂರನೇ ದಿನಕ್ಕೇ ಹುಳಿ. ಕಾರಣ ಯೋಚಿಸಿದಾಗ ಹೊಳೆಯಿತು. ನಲ್ಲಿ ನೀರಿನಲ್ಲಿ ಸ್ವಲ್ಪವಾದರೂ ಕ್ಲೋರಿನ್ ಇರುತ್ತದೆ. ಆರ್‌ಒ ಯಂತ್ರದೊಳಗಿನ ಕಾರ್ಬನ್ ಅದನ್ನೂ ತೆಗೆದುಹಾಕುತ್ತದೆ. ಹಾಗಾಗಿ ಟ್ಯಾಂಕಿನಲ್ಲಿ ಸೂಕ್ಷ್ಮಜೀವಿಗಳನ್ನು ತಡೆಯುವವರು ಯಾರೂ ಇಲ್ಲ. ಪುಡಿಗೆ ಮದ್ದು ಮಾಡಿ ವಾಸನೆಗೆ ದಾರಿ ಬಿಟ್ಟುಕೊಟ್ಟಿದ್ದೆ!

ಟ್ಯಾಂಕಿನ ಒಳಗೆ ಕೈ ಹಾಕಿ ಬೆರಳಿನಲ್ಲಿ ತಡವಿದೆ. ಗೋಡೆ ಕಣ್ಣಿಗೆ ಫಳಫಳ. ಬೆರಳಿಗೆ ಮಾತ್ರ ಜಾರು ಜಾರು, ಲೋಳೆ. ಇದೇ ಬಯೋಫಿಲ್ಮ್, ನಮ್ಮ ಮಾತಿನಲ್ಲಿ ಸೂಕ್ಷ್ಮಜೀವಿಗಳು ಕಟ್ಟಿಕೊಳ್ಳುವ ಲೋಳೆ ಪದರ. ಕ್ಯಾಪಿನ ಸ್ಪ್ರಿಂಗ್ ವಾಲ್ವ್ ಸುತ್ತ, ರಬ್ಬರ್ ವಾಷರ್ ಕೆಳಗೆ ತೆಳು ಗುಲಾಬಿ ಗೆರೆಯೂ ಇತ್ತು. ಅಲ್ಲಿಯವರೆಗೆ ನಾನು ಟ್ಯಾಂಕಿಗೆ ನೀರು ತುಂಬಿ ಕುಲುಕಿ ಚೆಲ್ಲುವುದನ್ನೇ ತೊಳೆಯುವುದು ಅಂದುಕೊಂಡಿದ್ದೆ. ಲೋಳೆ ಕುಲುಕಿದರೆ ಹೋಗುವುದಿಲ್ಲ, ಉಜ್ಜಬೇಕು.

ಮೊದಲು ವಿನೆಗರ್ ಒಂದನ್ನೇ ನಂಬಿದೆ. ರಾತ್ರಿಯೆಲ್ಲ ನೆನೆಸಿಟ್ಟೆ. ಬಿಳಿ ಕರೆ ಕರಗಿತು, ಮನೆಯೆಲ್ಲ ವಿನೆಗರ್ ವಾಸನೆ ಆಯಿತು, ವಾರಕ್ಕೆ ಹಳೇ ಹುಳಿ ವಾಪಸ್. ವಿನೆಗರ್ ಸುಣ್ಣಕ್ಕೆ ಮದ್ದು, ಲೋಳೆಗೆ ಅಷ್ಟಾಗಿ ಅಲ್ಲ. ಹಾಗೆಂದು ಸುಣ್ಣವನ್ನು ಬಿಟ್ಟು ಲೋಳೆ ಮಾತ್ರ ತೆಗೆಯುತ್ತೇನೆ ಎಂದರೂ ಆಗದು. ಸುಣ್ಣದ ಪದರ ಒರಟು, ಅದರ ಸಂದುಗಳಲ್ಲಿ ಲೋಳೆ ಬಚ್ಚಿಟ್ಟುಕೊಳ್ಳುತ್ತದೆ. ಎರಡನ್ನೂ ತೆಗೆಯಬೇಕು, ಬೇರೆ ಬೇರೆ ಮದ್ದಿನಿಂದ, ಒಂದಾದ ಮೇಲೆ ಒಂದು.

ಈಗ ನಾನು ಮಾಡುವುದು ಹೀಗೆ. ಪ್ಲಗ್ ಕಿತ್ತು ಎಲ್ಲ ಬಿಚ್ಚುತ್ತೇನೆ. ಟ್ಯಾಂಕು, ಕ್ಯಾಪು, ವಾಷರ್, ಮಂಜು ಹೋಗುವ ಕೊಳವೆ, ಎಲ್ಲವನ್ನೂ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಮೆತ್ತನೆ ಬ್ರಷ್‌ನಿಂದ ಉಜ್ಜುತ್ತೇನೆ. ಬೆರಳಿಗೆ ಜಾರುವುದು ನಿಲ್ಲುವವರೆಗೆ. ಕೊಳವೆಯನ್ನು ಮರೆಯುವವರೇ ಜಾಸ್ತಿ, ನಾನೂ ಮರೆತಿದ್ದೆ. ಟ್ಯಾಂಕು ಎಷ್ಟೇ ಚೊಕ್ಕಟವಾಗಿದ್ದರೂ ಮಂಜು ಆ ಕೊಳವೆಯನ್ನು ಹಾದೇ ಬರಬೇಕಲ್ವಾ?

ಆಮೇಲೆ ಸುಣ್ಣ. ಅರ್ಧ ಲೀಟರ್ ಉಗುರು ಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ ಸಿಟ್ರಿಕ್ ಆಸಿಡ್ ಪುಡಿ. ತಳದ ಬಟ್ಟಲಿಗೆ ಡಿಸ್ಕ್ ಮುಳುಗುವಷ್ಟು ಹಾಕಿ ಅರ್ಧ ಗಂಟೆ ಬಿಡುತ್ತೇನೆ, ಉಳಿದದ್ದನ್ನು ಟ್ಯಾಂಕಿನ ಕರೆಗೆ. ಒಮ್ಮೆ ಬೇಗ ಆಗಲಿ ಎಂದು ಕುದಿನೀರಿನಲ್ಲಿ ಕಲಸಿದೆ. ಬಿಸಿಗೆ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಹೊಸ ಬಿಳಿ ಪದರವೇ ಕೂತಿತು, ಅದನ್ನು ತೆಗೆಯುವುದು ಇನ್ನೂ ಕಷ್ಟ. ಡಿಸ್ಕ್ ಮೇಲಿನ ಪದರ ಮೆತ್ತಗಾದ ಮೇಲೆ ಹತ್ತಿ ಕಡ್ಡಿಯಲ್ಲಿ ಒರೆಸಿದರೆ ಸಾಕು. ಚಾಕು, ಉಗುರು, ಸ್ಟೀಲ್ ನಾರು ಬೇಡ. ಡಿಸ್ಕ್‌ಗೆ ಗೀರು ಬಿದ್ದರೆ ಮಂಜು ಶಾಶ್ವತವಾಗಿ ಕಡಿಮೆಯಾಗಬಹುದು. ನೀರು ಚೆಲ್ಲುವಾಗ ಗಾಳಿ ಬರುವ ತೂತಿನ ಎದುರು ಬದಿಗೆ ಬಗ್ಗಿಸಬೇಕು. ಆ ತೂತಿನ ಕೆಳಗೆ ಫ್ಯಾನು, ಬೋರ್ಡು ಇರುತ್ತವೆ.

ಚೆನ್ನಾಗಿ ತೊಳೆದ ಮೇಲೆ ಮೂರನೇ ಸುತ್ತು. ಔಷಧಿ ಅಂಗಡಿಯ 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ ಒಂದು ಕಪ್ ಟ್ಯಾಂಕಿಗೆ ಸುರಿದು, ಗೋಡೆಗಳೆಲ್ಲ ಒದ್ದೆಯಾಗುವ ಹಾಗೆ ಆಗಾಗ ತಿರುಗಿಸುತ್ತಾ ಹದಿನೈದು ನಿಮಿಷ. ಇದರಲ್ಲಿ ಒಂದು ಅನುಕೂಲ ಇದೆ. ಲೋಳೆ ಉಳಿದ ಕಡೆ ಅದು ನೊರೆ ಬರುತ್ತದೆ. ಮೊದಲ ಸಲ ವಾಲ್ವ್ ಸುತ್ತ ಬುಳುಬುಳು ನೊರೆ ಬಂತು, ಎಲ್ಲಿ ಸರಿಯಾಗಿ ಉಜ್ಜಿಲ್ಲ ಎಂದು ಅದೇ ತೋರಿಸಿಕೊಟ್ಟಿತು. ಬ್ಲೀಚ್ ಬಳಸುವವರೂ ಇದ್ದಾರೆ. ಆದರೆ ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ಉಳಿದಿರುವ ಕಡೆ ಬ್ಲೀಚ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಶ್ವಾಸಕ್ಕೆ ಅಪಾಯ. ಪೆರಾಕ್ಸೈಡನ್ನೂ ವಿನೆಗರ್ ಜೊತೆ ಬೆರೆಸಬಾರದು, ಕಣ್ಣು ಮೂಗು ಉರಿಸುವ ಬೇರೆ ಆಮ್ಲ ಆಗುತ್ತದೆ. ನಡುವೆ ನೀರಿನಲ್ಲಿ ಎರಡು ಸಲ ತೊಳೆಯಲೇಬೇಕು. ಇವು ಯಾವುದನ್ನೂ ಟ್ಯಾಂಕಿನಲ್ಲಿಟ್ಟು ಯಂತ್ರ ಓಡಿಸಬಾರದು, ನೀರಿನ ಹಾಗೆ ಅದೂ ಗಾಳಿಗೆ ಬರುತ್ತದೆ.

ಇಷ್ಟು ದೊಡ್ಡ ತೊಳೆತ ವಾರಕ್ಕೊಮ್ಮೆ. ದಿನಾ ಮಾಡುವುದು ಚಿಕ್ಕ ಕೆಲಸ, ಆದರೆ ವಾಸನೆಯನ್ನು ನಿಜವಾಗಿ ತಡೆದದ್ದು ಅದೇ. ಬೆಳಿಗ್ಗೆ ಉಳಿದ ನೀರನ್ನು ಚೆಲ್ಲುತ್ತೇನೆ. ಟ್ಯಾಂಕು ಖಾಲಿಯಾದರೂ ತಳದ ಬಟ್ಟಲಿನಲ್ಲಿ ಒಂದು ಲೋಟದಷ್ಟು ನೀರು ಯಾವಾಗಲೂ ನಿಂತಿರುತ್ತದೆ, ಅದನ್ನೂ ಚೆಲ್ಲಿ ಬಟ್ಟೆಯಲ್ಲಿ ಒರೆಸುತ್ತೇನೆ. ಕ್ಯಾಪ್ ತೆಗೆದು ಟ್ಯಾಂಕನ್ನು ಬಾಯಿ ಕೆಳಗೆ ಮಾಡಿ ಸಂಜೆವರೆಗೆ ಒಣಗಲು ಇಡುತ್ತೇನೆ. ಮೊದಲೆಲ್ಲ ಉಳಿದ ನೀರಿನ ಮೇಲೆಯೇ ಹೊಸ ನೀರು ತುಂಬುತ್ತಿದ್ದೆ. ಟ್ಯಾಂಕು ತಿಂಗಳುಗಟ್ಟಲೆ ಒಂದು ದಿನವೂ ಒಣಗಿರಲಿಲ್ಲ.

ನಡುವೆ ಒಂದು ಸಲ ಎಲ್ಲ ಸರಿಯಾಗಿ ಮಾಡಿದರೂ ಕಮಟು ವಾಸನೆ ಬಂತು. ಟ್ಯಾಂಕಿಗೆ ಕ್ಯಾಪ್ ಹಾಕಿ ಕೆಲವು ಗಂಟೆ ಬಿಟ್ಟು ತೆಗೆದು ಮೂಸಿದೆ, ಏನೂ ಇಲ್ಲ. ನೀರೇ ಹಾಕದೆ ಯಂತ್ರದ ಕೆಳಗೆ ಮೂಗು ಇಟ್ಟಾಗ ಸಿಕ್ಕಿತು. ಗಾಳಿ ಒಳಗೆ ಎಳೆಯುವ ಜಾಗದ ಸ್ಪಾಂಜು ನೀರು ಕುಡಿದು ಕಪ್ಪಾಗಿತ್ತು. ಅದನ್ನು ತೊಳೆದು ಉಪಯೋಗವಿಲ್ಲ, ಬದಲಾಯಿಸಿದೆ.

ಸ್ಪಾಂಜು ಒದ್ದೆಯಾದದ್ದು ಏಕೆ ಎಂದರೆ, ನಾವು ಮಂಜನ್ನು ಪೂರ್ತಿ ಜಾಸ್ತಿ ಮಾಡಿ ಇಟ್ಟಿದ್ದೆವು. ಹಾರಿದ ಹನಿ ಆರುವ ಮೊದಲೇ ನೆಲಕ್ಕೆ ಇಳಿದು ಯಂತ್ರದ ಬುಡವೇ ನೆನೆಯುತ್ತಿತ್ತು. ಈಗ ಯಂತ್ರವನ್ನು ಮಂಚದ ಎತ್ತರದ ಸ್ಟೂಲ್ ಮೇಲೆ ಇಟ್ಟಿದ್ದೇನೆ. ಪಕ್ಕದಲ್ಲಿ ತೇವಾಂಶ ತೋರಿಸುವ ಚಿಕ್ಕ ಮೀಟರ್ ಇದೆ. 50 ಪರ್ಸೆಂಟ್ ದಾಟಿದರೆ ಅಮ್ಮನೇ ಮಂಜು ಕಡಿಮೆ ಮಾಡುತ್ತಾರೆ. ರಾತ್ರಿಗೆ ಎರಡೂವರೆ ಲೀಟರ್ ಬೇಕಿದ್ದದ್ದು ಈಗ ಒಂದೂವರೆಗೆ ಸಾಕಾಗುತ್ತಿದೆ.