ವಯಸ್ಸಿನ ಗೆರೆ ನಡುವೆ ತಗ್ಗಿದರೆ ಏನರ್ಥ?

ಪದದ ಮೊದಲಿನ ‘ಹ’ ಬಿಟ್ಟು ಮಾತಾಡುವುದು ಕನ್ನಡದಲ್ಲಿ ಜಾಸ್ತಿಯಾಗುತ್ತಿದೆಯೋ, ಕಡಿಮೆಯಾಗುತ್ತಿದೆಯೋ? ನನಗೆ ಬೇಕಿದ್ದದ್ದು ಇಷ್ಟೇ. ಐವತ್ತು ವರ್ಷ ಕಾದು ನೋಡುವಂತಿಲ್ಲವಲ್ಲ, ಹಾಗಾಗಿ ‘ಅಪ್ಯಾರೆಂಟ್ ಟೈಮ್’ ವಿಧಾನ ಹಿಡಿದೆ. ಹರೆಯ ದಾಟುವ ಹೊತ್ತಿಗೆ ಮಾತಿನ ರೀತಿ ಗಟ್ಟಿಯಾಗಿಬಿಡುತ್ತದೆ ಎಂಬ ನಂಬಿಕೆ ಅದರ ಬುಡ. ಎಪ್ಪತ್ತು ದಾಟಿದವರನ್ನು ಮಾತಾಡಿಸಿದರೆ ಅವರ ಹರೆಯದ ಕಾಲದ ಕನ್ನಡ ಸಿಗಬೇಕು.

ಹಿರಿಯರು, ನಡುವಯಸ್ಸಿನವರು, ಹುಡುಗರು ಎಂದು ಮೂರು ಗುಂಪು ಮಾಡಿ ರೆಕಾರ್ಡ್ ಮಾಡಿಕೊಂಡೆ. ಹೆಚ್ಚು ಹೊತ್ತು ಹಿಡಿದದ್ದು ಎಣಿಕೆ. ಎಷ್ಟು ಸಲ ‘ಹ’ ಬಿತ್ತು ಎಂದಷ್ಟೇ ಬರೆದುಕೊಂಡರೆ ಸಾಲದು. ಬೀಳಬಹುದಾಗಿದ್ದ ಜಾಗಗಳು ಎಷ್ಟಿದ್ದವು, ಅದರಲ್ಲಿ ಎಷ್ಟು ಬಿದ್ದವು ಎಂದು ನೋಡಬೇಕು. ‘ಹೋಗು’, ‘ಹೇಳು’ ಕಿವಿಗೆ ಸುಲಭ. ‘ಹ’ ಬಿದ್ದರೆ ಮುಂದೆ ವಕಾರ, ಯಕಾರ ಸೇರಿ ‘ವೋಗು’, ‘ಯೇಳು’ ಎಂದು ಕೇಳಿಸುತ್ತದೆ. ‘ಹಾಲು’, ‘ಹಣ್ಣು’ ಹಾಗಲ್ಲ, ವೇಗವಾಗಿ ಮಾತಾಡಿದಾಗ ಕಿವಿ ಮೋಸ ಹೋಗುತ್ತದೆ. ಅನುಮಾನ ಬಂದದ್ದನ್ನೆಲ್ಲ ಲೆಕ್ಕದಿಂದ ತೆಗೆದೆ. ಒಬ್ಬರ ಬಾಯಲ್ಲಿ ಒಂದು ಪದ ಎಷ್ಟೇ ಸಲ ಬಂದರೂ ಮೊದಲ ಐದನ್ನೇ ಎಣಿಸಿದೆ. ಇಲ್ಲದಿದ್ದರೆ ‘ಹೇಳು’ ಒಂದೇ ಇಡೀ ಲೆಕ್ಕವನ್ನು ನುಂಗಿಬಿಡುತ್ತದೆ.

ಗ್ರಾಫ್ ಹಾಕಿದರೆ ಗೆರೆ ನಡುವೆ ತಗ್ಗಿತ್ತು. ಹಿರಿಯರು ‘ಹ’ ಬಿಡುತ್ತಾರೆ, ಹುಡುಗರೂ ಬಿಡುತ್ತಾರೆ, ನಡುವಯಸ್ಸಿನವರು ಮಾತ್ರ ಉಳಿಸಿಕೊಳ್ಳುತ್ತಾರೆ. ಬದಲಾವಣೆ ಒಂದೇ ದಿಕ್ಕಿಗೆ ನಡೆಯುತ್ತಿದ್ದರೆ ಗೆರೆ ಏರಬೇಕಿತ್ತು, ಇಲ್ಲವೇ ಇಳಿಯಬೇಕಿತ್ತು. ಹೀಗಿದ್ದಾಗ ‘ಏಜ್ ಗ್ರೇಡಿಂಗ್’ ಎಂಬ ಅನುಮಾನ ಬರುತ್ತದೆ: ದುಡಿಯುವ ವಯಸ್ಸಿನಲ್ಲಿ ಜನ ನಾಲಿಗೆ ತಿದ್ದಿಕೊಳ್ಳುತ್ತಾರೆ, ಆಮೇಲೆ ಸಡಿಲ ಬಿಡುತ್ತಾರೆ. ಪ್ರತಿ ತಲೆಮಾರಿನದೂ ಅದೇ ಕತೆ, ಭಾಷೆ ಮಾತ್ರ ಇದ್ದಲ್ಲೇ ಇರುತ್ತದೆ.

ಅನುಮಾನವನ್ನು ಪರೀಕ್ಷಿಸಲು ನಡುವಯಸ್ಸಿನವರನ್ನು ಅವರ ಕೆಲಸದ ಪ್ರಕಾರ ಒಡೆದೆ. ದಿನವಿಡೀ ಅಪರಿಚಿತರ ಜೊತೆ ಮಾತಾಡುವ ಕೆಲಸದವರು ‘ಹ’ ಬಿಡುವುದು ತೀರಾ ಕಡಿಮೆ. ಉಳಿದವರ ಲೆಕ್ಕ ಹಿರಿಯರ ಲೆಕ್ಕದ ಹತ್ತಿರವೇ ಇತ್ತು. ಅಪರಿಚಿತರ ಜೊತೆ ಮಾತಾಡುವ ಆ ಕೆಲಸದವರೂ ನಗುನಗುತ್ತಾ ಹಳೇ ಜಗಳದ ಕತೆ ಶುರು ಮಾಡಿದರೆ ‘ಹ’ ಸುಮ್ನೆ ಜಾರಿಹೋಗುತ್ತಿತ್ತು. ಪದಪಟ್ಟಿ ಓದಿಸಿದಾಗ ಮತ್ತೆ ಹಾಜರ್! ಒಬ್ಬರೊಳಗೇ ಇಷ್ಟು ಏರಿಳಿತ ಇದ್ದರೆ ಅದನ್ನು ತಲೆಮಾರಿನ ವ್ಯತ್ಯಾಸ ಎಂದು ಓದಲಾಗದು.

ಆದರೆ ಗೆರೆ ಬಾಗಿದ್ದಕ್ಕೆಲ್ಲ ಏಜ್ ಗ್ರೇಡಿಂಗ್ ಕಾರಣವಲ್ಲ. ಭಾಷಾವಿಜ್ಞಾನಿ ಲಬೋವ್ 1961ರಲ್ಲಿ ಅಮೆರಿಕದ ಮಾರ್ಥಾಸ್ ವಿನ್ಯಾರ್ಡ್ ದ್ವೀಪದಲ್ಲಿ ‘ಐ’ ಸ್ವರದ ಮೊದಲ ಭಾಗವನ್ನು ಬಾಯಿಯ ನಡುವಿಗೆ ಎಳೆದು ನುಡಿಯುವ ಉಚ್ಚಾರವನ್ನು ಅಳೆದಾಗ 31–45ರವರ ಅಂಕ 81 ಇತ್ತು, 14–30ರವರದು 37ಕ್ಕೆ ಕುಸಿದಿತ್ತು. ದ್ವೀಪ ಬಿಟ್ಟು ಹೋಗಬೇಕೆಂದಿದ್ದ ಹುಡುಗರಲ್ಲಿ ಆ ಉಚ್ಚಾರ ಕಡಿಮೆ, ಉಳಿಯಬೇಕೆಂದಿದ್ದವರಲ್ಲಿ ಜಾಸ್ತಿ. 1930ರ ದಶಕದ ಭಾಷಾ ಸಮೀಕ್ಷೆಯ ದಾಖಲೆಗಳೂ ಕೈಗೆ ಸಿಕ್ಕಿದ್ದರಿಂದ ಲಬೋವ್ ಇದು ನಿಜವಾದ ಬದಲಾವಣೆ ಎಂದು ಧೈರ್ಯವಾಗಿ ಹೇಳಬಹುದಾಯಿತು. ನನ್ನ ಕೈಯಲ್ಲಿ ಅಂಥ ಹಳೆಯ ರೆಕಾರ್ಡಿಂಗ್ ಇರಲಿಲ್ಲ. ಅದಕ್ಕೇ ವರದಿಯಲ್ಲಿ ‘ಬದಲಾವಣೆಗೆ ಸಾಕ್ಷಿ ಸಿಗಲಿಲ್ಲ’ ಎಂದು ಬರೆದೆನೇ ಹೊರತು ‘ಬದಲಾವಣೆ ಇಲ್ಲ’ ಎಂದು ಬರೆಯಲಿಲ್ಲ.